ಪಾತ್ರಕ್ಕೆ ಉತ್ತರ ಕೊಡಿ, ಪಾತ್ರಧಾರಿಗಲ್ಲ: ಮತಭೇದದ ವಿಡಿಯೊ ಮತ್ತು ಯೂಟ್ಯೂಬ್ ಸ್ಟ್ರೈಕ್

ತಾಳಮದ್ದಳೆ ಕೇಳಿ ಬೆಳೆದ ನಮಗೆ ಒಂದು ವಿಷಯ ಯಾರೂ ಹೇಳಿಕೊಡದೆಯೇ ಗೊತ್ತು. ಕೃಷ್ಣನ ಅರ್ಥ ಹೇಳುವವರು ಕರ್ಣನ ವಾದವನ್ನು ಎಷ್ಟು ಬೇಕಾದರೂ ಸೀಳಬಹುದು. ಚುಚ್ಚಬಹುದು, ಗೇಲಿ ಮಾಡಬಹುದು, ಬಾಯಿ ಕಟ್ಟಿಸಬಹುದು. ಆದರೆ ಎದುರು ಕೂತು ಕರ್ಣನ ಅರ್ಥ ಹೇಳುತ್ತಿರುವ ಮನುಷ್ಯನ ಜಾತಿ, ಮನೆ, ಹೊಟ್ಟೆಪಾಡಿನ ಮಾತಿಗೆ ಇಳಿದರೆ ಸಭೆ ಗುಜುಗುಜು ಎನ್ನುತ್ತದೆ. ಉತ್ತರ ಪಾತ್ರಕ್ಕೆ ಕೊಡಬೇಕು, ಪಾತ್ರಧಾರಿಗಲ್ಲ.

ಮತಗಳ ನಡುವಿನ ವ್ಯತ್ಯಾಸದ ಬಗ್ಗೆ ವಿಡಿಯೊ ಮಾಡುವವರಿಗೆ ಯೂಟ್ಯೂಬ್ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಸಿದ್ಧಾಂತವನ್ನು ಟೀಕಿಸಬಹುದು. ಆ ಸಿದ್ಧಾಂತ ನಂಬಿದ ಜನರನ್ನು ಅವರ ಧರ್ಮ, ಜಾತಿಯ ಕಾರಣಕ್ಕೆ ಕೀಳು ಎನ್ನುವಂತಿಲ್ಲ. ಗೆರೆ ಇಷ್ಟೇ. ಆದರೆ ಅದನ್ನು ದಾಟುವುದು ನಾವು ಅಂದುಕೊಂಡ ಜಾಗದಲ್ಲಲ್ಲ. ಮುಕ್ಕಾಲು ಗಂಟೆಯ ಪ್ರವಚನದಲ್ಲಿ ದಾಟದವರು ಐದು ಪದದ ಶೀರ್ಷಿಕೆಯಲ್ಲಿ ದಾಟುತ್ತಾರೆ.

ನಮ್ಮ ಕಡೆ ಇಂಥ ವಿಡಿಯೊಗೆ ವಿಷಯದ ಬರ ಇಲ್ಲ. ಬೈಂದೂರು ತಾಲೂಕಿನ ಕೊಲ್ಲೂರಿಗೆ ಹೋದರೆ ಮೂಕಾಂಬಿಕೆಯ ಜೊತೆ ಶಂಕರಾಚಾರ್ಯರ ಕತೆ ಕೇಳುತ್ತೇವೆ. ಬ್ರಹ್ಮಾವರ ತಾಲೂಕಿನ ಸಾಲಿಗ್ರಾಮದಲ್ಲಿ ಸ್ಮಾರ್ತರಾದ ಕೂಟ ಮಹಾಜಗತ್ತಿನವರು ನರಸಿಂಹನನ್ನೇ ಗುರು ಎನ್ನುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಹೋದರೆ ಮಧ್ವಾಚಾರ್ಯರ ಉಡುಪಿ. ಒಂದೇ ಬೀದಿಯ ಎರಡು ಮನೆಗಳಲ್ಲಿ ಏಕಾದಶಿ ಎರಡು ಬೇರೆ ದಿನ ಬರುವ ಊರು ನಮ್ಮದು. ಯಾಕೆ ಹೀಗೆ ಎಂದು ಮಕ್ಕಳು ಕೇಳುತ್ತಾರೆ. ಉತ್ತರ ಹೇಳುವ ವಿಡಿಯೊ ಬೇಕೇ ಬೇಕು. ‘ಇಂಥ ವಿಷಯ ಮುಟ್ಟಲೇ ಬೇಡಿ ಮಾರಾಯ್ರೆ, ಚಾನೆಲ್ ಹೋಗುತ್ತದೆ’ ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ.

ಹಾಗೆಂದು ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಸಮುದಾಯ ಮಾರ್ಗಸೂಚಿಯ ಲೆಕ್ಕ ಹೀಗಿದೆ. ಮೊದಲ ಸಲ ಸಾಮಾನ್ಯವಾಗಿ ಎಚ್ಚರಿಕೆ ಬರುತ್ತದೆ. ಅವರು ಕೊಡುವ ಚಿಕ್ಕ ತರಬೇತಿ ಮುಗಿಸಿ, 90 ದಿನ ಅದೇ ನಿಯಮ ಮುರಿಯದೆ ಇದ್ದರೆ ಆ ಎಚ್ಚರಿಕೆ ಅಳಿಯುತ್ತದೆ. ಇಲ್ಲವಾದರೆ ಮುಂದಿನದು ಸ್ಟ್ರೈಕ್. ಮೊದಲ ಸ್ಟ್ರೈಕಿಗೆ ಒಂದು ವಾರ ವಿಡಿಯೊ ಹಾಕುವಂತಿಲ್ಲ, ಲೈವ್ ಮಾಡುವಂತಿಲ್ಲ. 90 ದಿನದೊಳಗೆ ಎರಡನೆಯದು ಬಂದರೆ ಎರಡು ವಾರ. ಅದೇ ಅವಧಿಯಲ್ಲಿ ಮೂರನೆಯದು ಬಂದರೆ ಚಾನೆಲ್ಲೇ ಇಲ್ಲ. ತೀರಾ ಗಂಭೀರ ತಪ್ಪಾದರೆ ಇಷ್ಟು ಮೆಟ್ಟಿಲೂ ಇರುವುದಿಲ್ಲ.

ಒಂದು ವಾರ ತಾನೇ ಎನ್ನಬೇಡಿ. ಕೋಟೇಶ್ವರದ ಕೊಡಿ ಹಬ್ಬದ ವಾರವೇ ಸ್ಟ್ರೈಕ್ ಬಿದ್ದರೆ, ಮುಂಬೈ, ಬೆಂಗಳೂರು, ದುಬೈನಲ್ಲಿ ಕೂತು ತೇರು ನೋಡಲು ಕಾಯುವವರಿಗೆ ನಿಮ್ಮ ಚಾನೆಲ್ ಆ ವರ್ಷಕ್ಕೆ ಕುರುಡು. ಹಬ್ಬದ ನಂತರ ಸ್ಟ್ರೈಕ್ ತೆಗೆದರೂ ತೇರು ಮತ್ತೆ ಎಳೆಯುವುದಿಲ್ಲ.

ಈಗ ಒಂದು ವಿಡಿಯೊ ಊಹಿಸಿಕೊಳ್ಳೋಣ. ನಿಮ್ಮ ಊರಿನ ಹುಡುಗನೊಬ್ಬ ಹನ್ನೆರಡು ನಿಮಿಷದ ವಿಡಿಯೊ ಮಾಡುತ್ತಿದ್ದಾನೆ. ವಿಷಯ: ಅದ್ವೈತಕ್ಕೂ ದ್ವೈತಕ್ಕೂ ಏನು ವ್ಯತ್ಯಾಸ. ಅವನು ಮಾಧ್ವರ ಮನೆಯವನು, ತನ್ನ ಮತವೇ ಸರಿ ಎಂದು ನಂಬಿದವನು. ನಂಬಲಿ, ಹೇಳಲಿ. ಅದರಲ್ಲಿ ತಪ್ಪಿಲ್ಲ.

ಮೊದಲ ಭಾಗ ಸುಲಭ. ಬ್ರಹ್ಮವೊಂದೇ ಸತ್ಯ, ಜೀವ ಬೇರೆಯಲ್ಲ ಎನ್ನುತ್ತದೆ ಅದ್ವೈತ. ದೇವರು ಬೇರೆ, ಜೀವ ಬೇರೆ, ಜಡ ಬೇರೆ, ಒಂದು ಜೀವಕ್ಕೂ ಇನ್ನೊಂದಕ್ಕೂ ಭೇದವಿದೆ, ಜಗತ್ತು ಸತ್ಯ, ಆದರೆ ದೇವರ ಅಧೀನ ಎನ್ನುತ್ತದೆ ದ್ವೈತ. ಇಲ್ಲಿ ಅವನು ಒಂದು ಜೋಕ್ ಸೇರಿಸುತ್ತಾನೆ: ‘ಜಗತ್ತೇ ಸುಳ್ಳು ಎನ್ನುವವರು ಊಟಕ್ಕೆ ಯಾಕೆ ಕೂರುತ್ತಾರೆ?’ ಇದಕ್ಕೆ ಸ್ಟ್ರೈಕ್ ಬರುವುದಿಲ್ಲ. ಇದು ವಾದದ ಮೇಲಿನ ಗೇಲಿ. ಆದರೆ ವಾದವಾಗಿ ಇದು ಸೋತ ಮಾತು. ಅದ್ವೈತ ಜಗತ್ತನ್ನು ಮೊಲದ ಕೊಂಬಿನ ಹಾಗೆ ಇಲ್ಲವೇ ಇಲ್ಲ ಎನ್ನುವುದಿಲ್ಲ. ವ್ಯವಹಾರದ ಮಟ್ಟದಲ್ಲಿ ಜಗತ್ತಿದೆ, ಊಟವೂ ಇದೆ, ಹಸಿವೂ ಇದೆ. ಜ್ಞಾನ ಬಂದಾಗ ಹಗ್ಗದ ಮೇಲೆ ಕಂಡ ಹಾವಿನಂತೆ ಅದು ಬಾಧಿತವಾಗುತ್ತದೆ ಎನ್ನುತ್ತದೆ. ಎದುರಿನವರ ಮಾತನ್ನು ಅವರೇ ತಲೆದೂಗುವ ಹಾಗೆ ಮೊದಲು ಹೇಳಿ ಆಮೇಲೆ ಖಂಡಿಸುವುದಕ್ಕೆ ನಮ್ಮಲ್ಲಿ ಪೂರ್ವಪಕ್ಷ ಎಂಬ ಹೆಸರೇ ಇದೆ. ಇದನ್ನು ಈಗಲೇ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಅಪಾಯ ಎರಡನೇ ಭಾಗದಲ್ಲಿ. ಮಾಧ್ವ ಸಿದ್ಧಾಂತದಲ್ಲಿ ಜೀವತ್ರೈವಿಧ್ಯ ಎಂಬುದಿದೆ. ಜೀವರು ಸ್ವಭಾವದಿಂದಲೇ ಮೂರು ಬಗೆ: ಮುಕ್ತಿಗೆ ಯೋಗ್ಯರು, ನಿತ್ಯ ಸಂಸಾರಿಗಳು, ತಮಸ್ಸಿಗೆ ಯೋಗ್ಯರು. ಬೇರೆ ವೇದಾಂತಗಳವರು ಇದನ್ನು ಬಲವಾಗಿ ಆಕ್ಷೇಪಿಸುತ್ತಾರೆ, ಹಾಗಾಗಿ ವ್ಯತ್ಯಾಸದ ವಿಡಿಯೊದಲ್ಲಿ ಇದನ್ನು ಬಿಡಲಾಗದು. ‘ಮಧ್ವಾಚಾರ್ಯರ ಪ್ರಕಾರ ಜೀವರಲ್ಲಿ ತಮೋಯೋಗ್ಯರೆಂಬ ಒಂದು ವರ್ಗವಿದೆ’ ಎಂದರೆ ಅದು ಸಿದ್ಧಾಂತದ ವಿವರಣೆ. ‘ಇಂಥ ಮತದವರು ತಮೋಯೋಗ್ಯರು, ಅವರಿಗೆ ನರಕವೇ ಗತಿ’ ಎಂದರೆ ಬದುಕಿರುವ ಒಂದು ಸಮುದಾಯದ ಮೇಲೆ ತೀರ್ಪು. ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ಅಂತರ ಒಂದೇ ಪದ, ಆದರೆ ಆ ಪದದಲ್ಲಿ ಪಕ್ಕದ ಮನೆಯವರು ಇದ್ದಾರೆ. ಇನ್ನೊಂದು ಸಂಗತಿ: ಆ ಸಿದ್ಧಾಂತ ಮಾತಾಡುವುದು ಒಂದೊಂದು ಜೀವದ ಒಳಸ್ವಭಾವದ ಬಗ್ಗೆ, ಜನಗಣತಿಯ ಬಗ್ಗೆ ಅಲ್ಲ. ಹಾಗಾಗಿ ಸಮುದಾಯಕ್ಕೆ ಆ ಹಣೆಪಟ್ಟಿ ಅಂಟಿಸಿದವನು ಯೂಟ್ಯೂಬಿನ ನಿಯಮ ಮುರಿಯುವ ಮೊದಲೇ ತನ್ನ ಶಾಸ್ತ್ರವನ್ನೂ ತಪ್ಪಾಗಿ ಹೇಳಿರುತ್ತಾನೆ.

ಇದಕ್ಕಿಂತ ಕಷ್ಟದ್ದು ಮೂರನೇ ಭಾಗ. ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ ಮತ್ತು ‘ಮಣಿಮಂಜರಿ’ಯಲ್ಲಿ ಒಂದು ಕತೆಯಿದೆ. ಮಹಾಭಾರತದಲ್ಲಿ ಭೀಮನಿಂದ ಸತ್ತ ಮಣಿಮಂತ ಮತ್ತೆ ಶಂಕರರಾಗಿ ಹುಟ್ಟಿದ ಎಂಬ ಕತೆ. ಭೀಮನ ಮುಂದಿನ ಅವತಾರ ಮಧ್ವರು ಎಂಬ ನಂಬಿಕೆಗೆ ಹೊಂದಿಕೊಂಡು ಬಂದದ್ದು ಇದು. ಗ್ರಂಥದಲ್ಲಿ ಇದೆ, ಓದಿದವರಿಗೆಲ್ಲ ಗೊತ್ತು, ಅದ್ವೈತಿಗಳಿಗೆ ನೋವಾಗುವ ಮಾತು ಎಂಬುದೂ ಗೊತ್ತು. ನಮ್ಮ ಹುಡುಗ ಇದನ್ನು ಹೇಳಬೇಕೋ ಬೇಡವೋ?

ಹೇಳಬಹುದು ಎಂದೇ ನಮ್ಮ ಅಭಿಪ್ರಾಯ. ಶಿಕ್ಷಣ, ದಾಖಲೆ, ಸಂಶೋಧನೆ, ಕಲೆಯ ಉದ್ದೇಶವಿದ್ದಾಗ ಇಂಥ ಉಲ್ಲೇಖಕ್ಕೆ ಯೂಟ್ಯೂಬ್ ಅವಕಾಶ ಇಟ್ಟಿದೆ. ಆದರೆ ಆ ಉದ್ದೇಶ ವಿಡಿಯೊದ ಒಳಗೇ ಕಾಣಬೇಕು, ಕೇಳಬೇಕು. ‘ಇದು ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ’ ಎಂದು ಆರಂಭದಲ್ಲಿ ಎರಡು ಸೆಕೆಂಡು ಪಟ್ಟಿ ತೋರಿಸಿ, ಆಮೇಲೆ ಬೈದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಪದಗಳ ನಡುವೆ ಚುಕ್ಕಿ, ನಕ್ಷತ್ರ ಹಾಕಿ ಬರೆಯುವುದೂ ಪ್ರಯೋಜನವಿಲ್ಲ. ಅದು ಬೈಗುಳ ಎಂದು ನಿಮಗೇ ಗೊತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ.

ಹಾಗಾದರೆ ಸಂದರ್ಭ ಕೊಡುವುದು ಹೇಗೆ? ನಾಲ್ಕು ವಾಕ್ಯ ಸಾಕು. ಯಾರು ಬರೆದದ್ದು: ಮಧ್ವರ ಶಿಷ್ಯ ತ್ರಿವಿಕ್ರಮ ಪಂಡಿತಾಚಾರ್ಯರ ಮಗ. ಯಾವ ಬಗೆಯ ಗ್ರಂಥ: ಗುರುವಿನ ಮಹಿಮೆ ಹೇಳುವ ಕಾವ್ಯ. ಅದನ್ನು ಯಾರು ಒಪ್ಪುವುದಿಲ್ಲ: ಶಂಕರರು ಶಿವನ ಅವತಾರ ಎಂದು ನಂಬಿರುವ ಸ್ಮಾರ್ತ ಪರಂಪರೆ. ಈಗ ಯಾಕೆ ಹೇಳುತ್ತಿದ್ದೇವೆ: ಎರಡು ಪರಂಪರೆಗಳ ನಡುವಿನ ವಾದ ಎಷ್ಟು ಬಿರುಸಾಗಿತ್ತು ಎಂದು ತಿಳಿಯಲು. ಈ ನಾಲ್ಕೂ ಉಲ್ಲೇಖದ ಹತ್ತಿರವೇ ಇರಬೇಕು. ಹತ್ತು ನಿಮಿಷ ಬಿಟ್ಟು ಬಂದರೆ ನೋಡುವವರು ಅಷ್ಟು ಹೊತ್ತು ಕಾಯುವುದಿಲ್ಲ, ಪರಿಶೀಲಿಸುವವರೂ ಕಾಯುತ್ತಾರೆಂದು ನಂಬಿ ಕೂರುವಂತಿಲ್ಲ. ಹೇಳುವಾಗ ‘ಗ್ರಂಥ ಹೀಗೆ ಹೇಳುತ್ತದೆ’ ಎಂದೇ ಹೇಳಬೇಕು. ಗ್ರಂಥಕರ್ತನ ಮಾತನ್ನು ನಿಮ್ಮ ಸ್ವಂತ ತೀರ್ಪಾಗಿ ಮಾಡಿ, ಅಲ್ಲಿಂದ ‘ಅದಕ್ಕೇ ಇವತ್ತಿನ ಅವರೂ ಹಾಗೇ’ ಎಂದು ಜಿಗಿದರೆ ಮುಗಿಯಿತು. ಒಂದು ಸಮುದಾಯವನ್ನು ರಾಕ್ಷಸರು, ಪ್ರಾಣಿಗಳು, ರೋಗ ಎನ್ನುವುದು ದ್ವೇಷ ಭಾಷಣದ ನಿಯಮದಡಿ ನೇರವಾಗಿ ಬೀಳುತ್ತದೆ.

ಇಲ್ಲಿಯವರೆಗೆ ಎಚ್ಚರ ವಹಿಸಿದ ಹುಡುಗ ಈಗ ಥಂಬ್‌ನೇಲ್ ಮಾಡಲು ಕೂರುತ್ತಾನೆ. ಒಂದು ಕಡೆ ಶಂಕರರ ಚಿತ್ರ, ಅದರ ಮೇಲೆ ಕೆಂಪು ಕೊಂಬು, ದೊಡ್ಡ ಅಕ್ಷರದಲ್ಲಿ ‘ಇವರು ರಾಕ್ಷಸರೇ? ಗ್ರಂಥದಲ್ಲೇ ಇದೆ!’ ಹನ್ನೆರಡು ನಿಮಿಷದ ಎಚ್ಚರ ಅಲ್ಲಿಗೆ ನೀರಿಗೆ ಹೋಯಿತು. ಶೀರ್ಷಿಕೆ, ಥಂಬ್‌ನೇಲ್, ವಿವರಣೆ, ವಿವರಣೆಯಲ್ಲಿ ಕೊಟ್ಟ ಲಿಂಕ್, ಎಲ್ಲಕ್ಕೂ ನಿಯಮ ಅನ್ವಯಿಸುತ್ತದೆ. ಪ್ರಶ್ನೆ ಚಿಹ್ನೆ ಹಾಕಿದರೆ ರಕ್ಷಣೆ ಸಿಗುತ್ತದೆ ಎಂಬುದು ಭ್ರಮೆ. ‘ಮಣಿಮಂತನ ಕತೆ: ಮಾಧ್ವರು ಮತ್ತು ಸ್ಮಾರ್ತರು ಹೇಗೆ ಓದುತ್ತಾರೆ?’ ಎಂದರೆ ನೋಡುವವರು ಕಡಿಮೆಯಾಗಬಹುದು, ಹೌದು. ಥಂಬ್‌ನೇಲಿನ ಆಸೆಗೆ ನಾವೂ ಬಿದ್ದವರೇ. ಆದರೆ ಆ ಹೆಚ್ಚಿನ ವೀಕ್ಷಣೆ ಚಾನೆಲ್ಲನ್ನೇ ಅಡವಿಟ್ಟು ತಂದ ಸಾಲ.

ಶಾರ್ಟ್ಸ್ ಇನ್ನೂ ಕೆಟ್ಟದ್ದು. ದೊಡ್ಡ ವಿಡಿಯೊದಿಂದ ಬಿಸಿಬಿಸಿಯಾದ ನಲವತ್ತು ಸೆಕೆಂಡು ಕತ್ತರಿಸಿ ಹಾಕುತ್ತೇವೆ. ಯೂಟ್ಯೂಬಿಗೆ ಅದು ಬೇರೆಯೇ ವಿಡಿಯೊ. ಮೂಲದಲ್ಲಿದ್ದ ಸಂದರ್ಭ ಅದರ ಜೊತೆ ಬರುವುದಿಲ್ಲ. ಪೂರ್ವಪಕ್ಷ ಈಗ ನೆನಪಿಸಿಕೊಳ್ಳಿ. ಎದುರಿನವರ ವಾದವನ್ನು ಬಲವಾಗಿ ಹೇಳುತ್ತಿರುವ ಭಾಗವನ್ನಷ್ಟೇ ಕತ್ತರಿಸಿದರೆ ಅದು ನಿಮ್ಮದೇ ಅಭಿಪ್ರಾಯವೆಂದು ಕಾಣುತ್ತದೆ. ಖಂಡನೆಯನ್ನಷ್ಟೇ ಕತ್ತರಿಸಿದರೆ ಬರೀ ಬೈಗುಳವಾಗಿ ಕಾಣುತ್ತದೆ. ವಾದದ ಶಾರ್ಟ್ಸ್ ಮಾಡಲೇಬೇಕೆಂದರೆ ‘ಅವರು ಹೀಗೆನ್ನುತ್ತಾರೆ, ಇವರು ಹೀಗೆನ್ನುತ್ತಾರೆ’ ಎರಡೂ ಒಂದೇ ತುಣುಕಿನಲ್ಲಿ ಬರಬೇಕು. ಬಾರದಿದ್ದರೆ ಆ ಭಾಗ ಬೇಡ. ಪಂಚಭೇದ ಯಾವುವು ಎಂಬ ನಲವತ್ತು ಸೆಕೆಂಡು ಹಾಕಿ, ಅದೂ ಓಡುತ್ತದೆ.

ಕಾಮೆಂಟ್ ವಿಷಯದಲ್ಲೂ ಒಂದು ಮಾತು. ಬೇರೆಯವರು ಬರೆದ ಕಾಮೆಂಟು ಅವರ ಲೆಕ್ಕಕ್ಕೆ. ನೀವು ಬರೆದ ಉತ್ತರ ನಿಮ್ಮ ಲೆಕ್ಕಕ್ಕೆ. ರಾತ್ರಿ ಹನ್ನೊಂದಕ್ಕೆ ಸಿಟ್ಟಿನಲ್ಲಿ ಟೈಪ್ ಮಾಡುವ ಉತ್ತರ ಹಗಲಿನ ಪ್ರವಚನಕ್ಕಿಂತ ಅಪಾಯ. ಯೂಟ್ಯೂಬ್ ಸ್ಟುಡಿಯೊದ ಸೆಟ್ಟಿಂಗಿನಲ್ಲಿ `Blocked words` ಎಂಬ ಪಟ್ಟಿಯಿದೆ. ನಮ್ಮ ಕಡೆ ಒಂದು ಜಾತಿಯವರು ಇನ್ನೊಂದು ಜಾತಿಯವರಿಗೆ ಬಳಸುವ ಹೀಯಾಳಿಕೆಯ ಪದಗಳು ನಮಗೆ ಗೊತ್ತು, ಯಂತ್ರಕ್ಕೆ ಗೊತ್ತಿರಬೇಕೆಂದಿಲ್ಲ. ಅವನ್ನು ಕನ್ನಡದಲ್ಲೂ, ಇಂಗ್ಲಿಷ್ ಅಕ್ಷರದಲ್ಲೂ ಆ ಪಟ್ಟಿಗೆ ಹಾಕಿಬಿಡಿ. ಅಂಥ ಪದವಿರುವ ಕಾಮೆಂಟು ನೀವು ನೋಡುವವರೆಗೆ ಹೊರಗೆ ಕಾಣುವುದಿಲ್ಲ.

ಇದು ಹಿಂದೂ ಪರಂಪರೆಗಳಿಗೆ ಮಾತ್ರ ಸೇರಿದ ಮಾತಲ್ಲ. ಬ್ರಹ್ಮಾವರದಲ್ಲೇ ಇನ್ನೊಂದು ಕತೆಯಿದೆ. ಗೋವಾ ಮೂಲದ ಪಾದ್ರಿ ಆಲ್ವಾರಿಸ್ ಕ್ಯಾಥೊಲಿಕ್ ವ್ಯವಸ್ಥೆಯಿಂದ ಹೊರಬಂದು 1889ರಲ್ಲಿ ಸಿರಿಯನ್ ಆರ್ಥೊಡಾಕ್ಸ್ ಪರಂಪರೆಯಲ್ಲಿ ಆಲ್ವಾರಿಸ್ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪ್ ಆದರು. ಅವರ ಜೊತೆಗಿದ್ದ ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹಾ ಬ್ರಹ್ಮಾವರದಲ್ಲಿ ನೆಲೆನಿಂತು ಸಭೆ ಕಟ್ಟಿದರು. ಇವತ್ತಿಗೂ ಅಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಕ್ರೈಸ್ತರಿದ್ದಾರೆ, ಕೊಂಕಣಿ ಮಾತಾಡುವ ಕ್ಯಾಥೊಲಿಕರೂ ಇದ್ದಾರೆ. ಪೋಪರ ಅಧಿಕಾರವನ್ನು ಯಾರು ಒಪ್ಪುತ್ತಾರೆ, ಗೋವಾದ ಪೋರ್ಚುಗೀಸ್ ಅಧಿಕಾರಕ್ಕೂ ರೋಮಿಗೂ ಏನು ಜಗಳವಿತ್ತು ಎಂದು ವಿಡಿಯೊ ಮಾಡಿದರೆ ಅದು ಊರಿನ ಇತಿಹಾಸ. ‘ದುಡ್ಡಿನ ಆಸೆಗೆ ಮತ ಬಿಟ್ಟವರ ಮಕ್ಕಳು’ ಎಂದರೆ ಅದು ಇವತ್ತು ಪೇಟೆಯಲ್ಲಿ ಅಂಗಡಿ ಇಟ್ಟಿರುವ ಜನರ ಮೇಲಿನ ಆರೋಪ. ಸಿದ್ಧಾಂತದಿಂದ ಜನರ ಮೇಲೆ ಜಾರುವ ಇನ್ನೊಂದು ದಾರಿ ಇದು: ಅವರು ಏನು ನಂಬಿದರು ಎಂಬುದನ್ನು ಬಿಟ್ಟು, ಯಾವ ಕೆಟ್ಟ ಉದ್ದೇಶದಿಂದ ನಂಬಿದರು ಎಂದು ಹೇಳಲು ಹೊರಡುವುದು.

ಇಷ್ಟೆಲ್ಲ ಮಾಡಿದರೂ ಸ್ಟ್ರೈಕ್ ಬರುವುದೇ ಇಲ್ಲ ಎಂಬ ಖಾತರಿ ಇಲ್ಲ. ಯಂತ್ರ ತಪ್ಪಾಗಿ ಓದಬಹುದು, ಮನುಷ್ಯರೂ ಓದಬಹುದು. ಬಂದಾಗ ಮೊದಲು ಯಾವ ಬಗೆಯದು ನೋಡಿ. ಹಳದಿ ಡಾಲರ್ ಗುರುತು ಬಂದರೆ ಜಾಹೀರಾತು ಕಡಿಮೆ ಎಂದರ್ಥ, ಅದು ಸ್ಟ್ರೈಕ್ ಅಲ್ಲ. ಯಾರದೋ ಪ್ರವಚನದ ತುಣುಕು ಅನುಮತಿಯಿಲ್ಲದೆ ಹಾಕಿದ್ದಕ್ಕೆ ಬರುವುದು ಕಾಪಿರೈಟ್ ಸ್ಟ್ರೈಕ್, ಅದರ ದಾರಿ ಬೇರೆ. ಸಮುದಾಯ ಮಾರ್ಗಸೂಚಿಯದೇ ಆದರೆ ಗಾಬರಿಯಲ್ಲಿ ವಿಡಿಯೊ ಅಳಿಸಬೇಡಿ. ಅಳಿಸಿದರೆ ಸ್ಟ್ರೈಕ್ ಹೋಗುವುದಿಲ್ಲ, ನಿಮ್ಮ ಸಾಕ್ಷಿ ಮಾತ್ರ ಹೋಗುತ್ತದೆ. ಸ್ಟುಡಿಯೊದಲ್ಲಿ ಆ ವಿಡಿಯೊದ ಎದುರು `Restrictions` ಎಂಬಲ್ಲಿ ಕಾರಣ ಕಾಣುತ್ತದೆ, ಮೇಲ್ಮನವಿಯ ದಾರಿಯೂ ಅಲ್ಲೇ ಇದೆ. ಒಂದು ಸ್ಟ್ರೈಕಿಗೆ ಒಂದೇ ಮೇಲ್ಮನವಿ. ಹಾಗಾಗಿ ‘ನಾನು ತಪ್ಪು ಮಾಡಿಲ್ಲ ಸರ್, ದಯವಿಟ್ಟು ಬಿಡಿ’ ಎಂದು ಅದನ್ನು ಹಾಳು ಮಾಡಬೇಡಿ. ನಮ್ಮ ಹುಡುಗ ಬರೆಯಬೇಕಾದದ್ದು ಇಷ್ಟು:

‘ಈ ವಿಡಿಯೊ ವೇದಾಂತದ ಎರಡು ಪರಂಪರೆಗಳನ್ನು ಹೋಲಿಸುತ್ತದೆ. 7:10ರಲ್ಲಿ ಬರುವ ರಾಕ್ಷಸ ಎಂಬ ಮಾತು ನನ್ನದಲ್ಲ, ಮಣಿಮಂಜರಿ ಎಂಬ ಹಳೆಯ ಸಂಸ್ಕೃತ ಕಾವ್ಯದ್ದು. ಗ್ರಂಥದ ಹೆಸರು 6:50ರಲ್ಲಿ ಹೇಳಿದ್ದೇನೆ. ಇದನ್ನು ಸ್ಮಾರ್ತರು ಒಪ್ಪುವುದಿಲ್ಲ ಎಂದು 7:35ರಲ್ಲಿ ಹೇಳಿದ್ದೇನೆ. ಇಂದಿನ ಯಾವ ಸಮುದಾಯಕ್ಕೂ ಈ ಮಾತನ್ನು ಅನ್ವಯಿಸಿಲ್ಲ.’

ಈ ಪತ್ರ ಬರೆಯಲು ಬರುವುದು ವಿಡಿಯೊದಲ್ಲಿ ಆ ವಾಕ್ಯಗಳು ನಿಜವಾಗಿ ಇದ್ದರೆ ಮಾತ್ರ. ಅದಕ್ಕೇ ನಮ್ಮ ಸಲಹೆ: ಅಪ್‌ಲೋಡ್ ಮಾಡುವ ಮೊದಲೇ ಈ ಐದು ವಾಕ್ಯವನ್ನು ಒಂದು ಹಾಳೆಯಲ್ಲಿ ಬರೆಯಲು ಪ್ರಯತ್ನಿಸಿ. ನಿಮಿಷ, ಸೆಕೆಂಡು ತುಂಬಲು ಆಗದಿದ್ದರೆ ಆ ವಿಡಿಯೊದಲ್ಲಿ ಏನೋ ಬಿಟ್ಟುಹೋಗಿದೆ. ಮತ್ತೆ ರೆಕಾರ್ಡ್ ಮಾಡಿ. ಯೂಟ್ಯೂಬ್ ಒಪ್ಪಿದ ಮಾತ್ರಕ್ಕೆ ಕಾನೂನಿನ ಬಾಧ್ಯತೆ ತಪ್ಪುವುದಿಲ್ಲ ಎಂಬುದೂ ನೆನಪಿರಲಿ. ಧಾರ್ಮಿಕ ಭಾವನೆಗೆ ಬೇಕೆಂದೇ, ದುರುದ್ದೇಶದಿಂದ ಘಾಸಿ ಮಾಡಿದರೆ ಹಿಂದೆ 295ಎ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಇದೆ.

ತ್ರಿವಿಕ್ರಮ ಪಂಡಿತಾಚಾರ್ಯರ ಹೆಸರು ಮೇಲೆ ಬಂತು. ಅವರು ಮೊದಲು ಅದ್ವೈತದ ದೊಡ್ಡ ವಿದ್ವಾಂಸರಾಗಿದ್ದವರು. ಈಗಿನ ಕಾಸರಗೋಡು ಸೀಮೆಯಲ್ಲಿ ಮಧ್ವರ ಎದುರು ಕೂತು ದಿನಗಟ್ಟಲೆ ವಾದ ಮಾಡಿ, ಕೊನೆಗೆ ಅವರ ಶಿಷ್ಯರಾದರು ಎನ್ನುತ್ತದೆ ಮಾಧ್ವ ಪರಂಪರೆ. ಅದ್ವೈತಿಗಳು ಆ ವಾದದ ಫಲಿತಾಂಶವನ್ನು ಒಪ್ಪಬೇಕೆಂದಿಲ್ಲ. ನಾವು ನೋಡುವುದು ಇಷ್ಟನ್ನೇ: ಅಷ್ಟು ದಿನ ಎದುರುಬದುರು ಕೂರಲು ಇಬ್ಬರಿಗೂ ಆಯಿತು. ‘ನೀನು ರಾಕ್ಷಸ’ ಎಂದು ಮೊದಲ ದಿನವೇ ಶುರು ಮಾಡಿದ್ದರೆ ಎರಡನೇ ದಿನ ಇರುತ್ತಿರಲಿಲ್ಲ.